ಮರಿಯಣ್ಣನ ಹೆಸರಿನ ಕಾರ್ಡು

ಅರಸೀಕೆರೆಯ ಪೇಟೆಬೀದಿಯಲ್ಲಿ ಬೋರ್ಡು ಸಣ್ಣಯ್ಯನನ್ನು ಅರಿಯದವರಿರಲಿಲ್ಲ. ಕೊಬ್ಬರಿ ಮಂಡಿಗಳ ಹಲಗೆ, ಸೋಡಾ ಅಂಗಡಿಯ ಹಲಗೆ, ಬೇಲೂರಿಗೆ ಹೋಗುವ ಬಸ್ಸಿನ ಹಣೆಯ ಮೇಲಿನ ಹೆಸರು, ಎಲ್ಲ ಅವನ ಕೈಯವೇ. ಅವನ ಪಕ್ಕದ ಮಳಿಗೆ ನನ್ನದು, ಒಂದು ಪುಟ್ಟ ಅಚ್ಚುಕೂಟ. ಲಗ್ನಪತ್ರಿಕೆ, ತಿಥಿಯ ಕಾಗದ, ನಾಟಕದ ಹ್ಯಾಂಡ್‌ಬಿಲ್ಲು ಹಾಕಿಕೊಡುತ್ತಿದ್ದೆ. ನನ್ನ ತಪ್ಪು ಮದುವೆ ಮುಗಿದ ಮಾರನೆಯ ದಿನ ಒಲೆಗೆ ಹೋಗುತ್ತದೆ. ಅವನ ತಪ್ಪು ವರ್ಷಗಟ್ಟಲೆ ಬೀದಿಯಲ್ಲಿ ನೇತಾಡುತ್ತದೆ. ಅದಕ್ಕೇ ಇರಬೇಕು, ಅವನಂಥ ಅಂಜುಬುರುಕ ಇನ್ನೊಬ್ಬನನ್ನು ನಾನು ಕಾಣೆ. ಹಲಗೆ ಏರಿಸಿದ ಮರುದಿನ ಬೆಳಿಗ್ಗೆ ಅಂಗಡಿಯವರು ಬಾಗಿಲು ತೆಗೆಯುವ ಮೊದಲೇ ಹೋಗಿ ಎದುರಿಗೆ ನಿಂತು, ಸಾಲು ಸೊಟ್ಟಗಾಗಿದೆಯೋ ಎಂದು ಕತ್ತು ಓರೆ ಮಾಡಿ ನೋಡುತ್ತಿದ್ದ. ಅಂಜಿಕೆ ಹೆಚ್ಚಾದ ದಿನ ಅನ್ನ ಸೇರದು, ಬರೀ ಮಜ್ಜಿಗೆ. ಅವನ ಹೆಂಡತಿ ಭಾಗಮ್ಮ ಮಜ್ಜಿಗೆ ಚೊಂಬು ಹಿಡಿದು ಮಳಿಗೆಗೆ ಬಂದಳೆಂದರೆ, ಇವತ್ತು ಯಾವುದೋ ದೊಡ್ಡ ಹೆಸರು ಬರೆಯುವುದಿದೆ ಎಂದು ನಾವು ತಿಳಿಯುತ್ತಿದ್ದೆವು.

ಇಂಥವನ ಕೈಗೆ ಯುದ್ಧದ ಕಾಲದಲ್ಲಿ ಬಯಸ್ಕೋಪಿನ ಅಕ್ಷರಗಳು ಬಂದುಬಿದ್ದವು.

ತಂದವನು ಇಂದುಧರ, ಕೊಬ್ಬರಿ ಮಂಡಿಯ ಗಂಗಾಧರಪ್ಪನವರ ಮಗ. ಬೊಂಬಾಯಿಯಲ್ಲಿ ಕ್ಯಾಮೆರಾ ಕೆಲಸ ಕಲಿತು, ಕೀಲಿ ತಿರುಗಿಸಿದರೆ ತಾನೇ ಓಡುವ ಒಂದು ಕ್ಯಾಮೆರಾ ಕೊಂಡು ಬಂದಿದ್ದ. ಸಾವಿರದ ಒಂಬೈನೂರ ನಲವತ್ತೊಂದರ ಮೊದಲಲ್ಲಿ ಬೇಲೂರು, ಹಳೇಬೀಡುಗಳಲ್ಲಿ ತಿಂಗಳುಗಟ್ಟಲೆ ಸುತ್ತಿ ಶಿಲ್ಪದ ಮೇಲೊಂದು ಮೂಕಿ ಚಿತ್ರ ತೆಗೆದ. ಒಂದೇ ರೀಲಿನದು, ದೊಡ್ಡ ಚಿತ್ರದ ಮುಂಚೆ ತೋರಿಸುವಂಥದು. ಆಮೇಲೆ ಯುದ್ಧ ಬಿಗಿಯಾಗಿ ಹಸಿ ಫಿಲಮು ಸಿಗದಂತಾಯಿತು. ಚಿತ್ರ ಡಬ್ಬಿಯಲ್ಲಿ ಮಲಗಿತು. ಎರಡು ವರ್ಷದ ಮೇಲೆ ಯಾರದೋ ಕೈಕಾಲು ಹಿಡಿದು ಹೆಸರುಗಳನ್ನು ತೆಗೆಯುವಷ್ಟು ಫಿಲಮು ಸಂಪಾದಿಸಿಕೊಂಡು ಬಂದ.

ಬಯಸ್ಕೋಪಿಗೆ ಹೆಸರು ಬರೆಯುವುದೆಂದರೆ ಏನೋ ಮಾಯೆಯೆಂದು ನಾನು ಎಣಿಸಿದ್ದೆ. ಅಂಥದೇನಿಲ್ಲ. ಕಪ್ಪು ರಟ್ಟಿನ ಮೇಲೆ ಬಿಳಿ ಅಕ್ಷರ ಬರೆಯಬೇಕು. ಎಣ್ಣೆಬಣ್ಣ ಹಾಕಿದರೆ ಬಿಸಿಲಿಗೆ ಹೊಳೆದು ಅಕ್ಷರ ಕಲಸಿಹೋಗುತ್ತದೆ, ಆದ್ದರಿಂದ ಬಿಳಿಪುಡಿಯನ್ನು ಗೋಂದಿನಲ್ಲಿ ಕಲಸಿದ ಮಂಕು ಬಣ್ಣವೇ ಆಗಬೇಕು. ಅಂಚಿಗೆ ಸಾಕಷ್ಟು ಜಾಗ ಬಿಡಬೇಕು, ಇಲ್ಲದಿದ್ದರೆ ಪರದೆಯ ಮೇಲೆ ತುದಿಯ ಅಕ್ಷರ ಕತ್ತರಿಸಿಹೋಗುತ್ತದೆ. ಆ ರಟ್ಟನ್ನು ಗೋಡೆಗೆ ನಿಲ್ಲಿಸಿ, ಕ್ಯಾಮೆರಾವನ್ನು ನೇರ ಅದರ ಎದುರಿಗೆ ಕಟ್ಟಿ, ಒಬ್ಬ ಅದನ್ನು ಗಟ್ಟಿಯಾಗಿ ನಿಧಾನಕ್ಕೆ ಎರಡು ಸಲ ಓದಿ ಮುಗಿಸುವವರೆಗೆ ಫಿಲಮು ಓಡಿಸಬೇಕು. ನಮ್ಮ ಜನ ಓದುವುದು ನಿಧಾನ, ಓದಿದವನು ಪಕ್ಕದವನಿಗೂ ಹೇಳಬೇಕಲ್ಲ.

ಮೊದಲಲ್ಲಿ ಚಿತ್ರದ ಹೆಸರು, ತೆಗೆದವರ ಹೆಸರು. ಕೊನೆಯಲ್ಲಿ ಕೃತಜ್ಞತೆಯ ಕಾರ್ಡುಗಳು: ಒಳಗೆ ಬಿಟ್ಟ ದೇವಸ್ಥಾನದವರಿಗೆ, ಅಪ್ಪಣೆ ಕೊಟ್ಟ ಸರ್ಕಾರದವರಿಗೆ, ಹಳೇಬೀಡು ಗುಡಿಯ ರಿಪೇರಿಗೆ ಮುಂಚಿನ ಫೋಟೋ ಕೊಟ್ಟ ಬೇಲೂರಿನ ಭಾಷ್ಯಂ ಅವರಿಗೆ. ಭಾಷ್ಯಂ ಬಲು ಖಡಾಖಂಡಿತದ ಮನುಷ್ಯ. ಫೋಟೋದ ಹಕ್ಕು ತಮ್ಮದೇ ಎಂಬ ಮಾತು ಅದೇ ಕಾರ್ಡಿನಲ್ಲಿ ಇರಬೇಕೆಂದು ಹೇಳಿಯೇ ಕೊಟ್ಟಿದ್ದರು. ಎಲ್ಲಕ್ಕೂ ಕಡೆಗೆ, ಚಿತ್ರದ ಸರ್ವಹಕ್ಕುಗಳೂ ನಿರ್ಮಾಪಕರವು, ಅಪ್ಪಣೆಯಿಲ್ಲದೆ ಯಾರೂ ಪ್ರತಿ ಮಾಡಕೂಡದು, ಪ್ರದರ್ಶಿಸಕೂಡದು ಎಂಬ ಎಚ್ಚರಿಕೆ.

ಸಣ್ಣಯ್ಯ ಚೆನ್ನಾಗಿಯೇ ಬರೆದ. ಆದರೆ ಹೆಸರುಗಳ ಮುಂದಿನ 'ಶ್ರೀ'ಯನ್ನೆಲ್ಲ ಕುಂಕುಮದಂಥ ಕೆಂಪಿನಲ್ಲಿ ಬರೆದ. ಲಗ್ನಪತ್ರಿಕೆಯಲ್ಲಿ ನಾವೂ ಹಾಗೇ ಮಾಡುವುದು, ಮಂಗಳದ ಅಕ್ಷರ ಕೆಂಪಗಿರಬೇಕು. ಇಂದುಧರನೂ ನೋಡಿ ಚೆನ್ನಾಗಿದೆ ಎಂದ. ಅಷ್ಟು ದಿನ ಬೊಂಬಾಯಿಯಲ್ಲಿ ಕಲಿತವನಿಗೆ ಆ ಫಿಲಮಿಗೆ ಕೆಂಪು ಕಾಣಿಸುವುದಿಲ್ಲ ಎಂಬುದು ಆ ಹೊತ್ತಿಗೆ ಹೊಳೆಯಬೇಕಲ್ಲ! ಪರೀಕ್ಷೆಗೆಂದು ತೆಗೆದ ತುಂಡು ಮದರಾಸಿನಿಂದ ತೊಳೆದು ಬಂದಾಗ ನೋಡಿದರೆ ಕಪ್ಪಿನ ಮೇಲಿನ ಕೆಂಪು ಕಪ್ಪೇ ಆಗಿ, ಶ್ರೀಗಳೆಲ್ಲ ಮಾಯ. ದೇವಸ್ಥಾನದವರು, ಸರ್ಕಾರದವರು, ಭಾಷ್ಯಂ, ಎಲ್ಲರೂ ಬರೀ ಹೆಸರಿನಲ್ಲಿ ನಿಂತಿದ್ದರು. ಅದನ್ನು ಬೆಳಕಿಗೆ ಹಿಡಿದು ನೋಡಿದ ಭಾಷ್ಯಂ, "ಬರೀ ಹೆಸರು ಹಿಡಿದು ಕರೆಯೋಕೆ ನಮ್ಮನ್ನೇನು ಕಂಬಕ್ಕೆ ಕಟ್ಟಿರೋ ಕಳ್ಳರು ಅಂತ ತಿಳಿದ್ರೇನ್ರೀ?" ಎಂದು ಕೇಳಿದ್ದು ಊರೆಲ್ಲ ಹರಡಿತು. ಸಣ್ಣಯ್ಯ ಎರಡು ದಿನ ಬರೀ ಮಜ್ಜಿಗೆಯಲ್ಲಿ ಜೀವ ಹಿಡಿದ. ಕಾರ್ಡುಗಳನ್ನೆಲ್ಲ ಹೊಸದಾಗಿ ಬರೆಯುವುದೆಂದಾಯಿತು. ಉಳಿದಿದ್ದ ಫಿಲಮು ಒಂದೇ ಸಲಕ್ಕೆ ಸಾಕಾಗುವಷ್ಟು. ಈ ಸಾರಿ ತಪ್ಪಿದರೆ ತಿದ್ದುವಂತಿಲ್ಲ.

ಆಗಲೇ ಇಂದುಧರ ಇನ್ನೊಂದು ಕಾರ್ಡು ಸೇರಿಸಿದ್ದು.

ಗಂಡಸಿ ಎಂಬ ಊರಿನ ಮರಿಯಣ್ಣ ಎಂಬ ಹುಡುಗ, ಮೀಸೆ ಬಂದ ಆಳೇ ಅನ್ನಿ, ಬೇಲೂರು ಬಸ್ಸಿನಲ್ಲಿ ಕ್ಲೀನರಾಗಿದ್ದ. ಗುಡಿಯ ಒಳಗಿನ ಕತ್ತಲೆಯಲ್ಲಿ ಚಿತ್ರ ತೆಗೆಯಲು ದೀಪವಿರಲಿಲ್ಲ. ಹೊರಗೆ ಬಿಸಿಲಿನಲ್ಲಿ ಒಂದು ಕನ್ನಡಿ, ಬಾಗಿಲಲ್ಲಿ ಇನ್ನೊಂದು ಕನ್ನಡಿ ಹಿಡಿದು ಬೆಳಕನ್ನು ಒಳಕ್ಕೆ ಹಾಯಿಸಬೇಕು. ಸೂರ್ಯ ಸರಿದಂತೆ ಕನ್ನಡಿಯೂ ಸರಿಯಬೇಕು, ಕೈ ನಡುಗಿದರೆ ಮದನಿಕೆಯ ಮುಖವೂ ನಡುಗುತ್ತದೆ. ಆ ಕೆಲಸಕ್ಕೆ ನಿಂತವನು ಮರಿಯಣ್ಣ. "ಆ ಒಳಗಿನ ಚಿತ್ರವೆಲ್ಲ ಅವನದೇ, ನಾನು ಕೀಲಿ ತಿರುಗಿಸಿದೆ ಅಷ್ಟೆ" ಎಂದು ಇಂದುಧರ ಹೇಳುತ್ತಿದ್ದ. ಚಿತ್ರದ ಕೆಲಸ ಮುಗಿದ ಮೇಲೆ ಮರಿಯಣ್ಣ ಮಿಲಿಟರಿ ಲಾರಿ ಓಡಿಸುವ ಆಸೆಗೆ ಸೈನ್ಯ ಸೇರಿದ. ಮಲಯಾ ದೇಶದಿಂದ ಒಂದು ಕಾಗದ ಬಂತು. ಆಮೇಲೆ ಸಿಂಗಪುರ ಬಿತ್ತು. ಸರ್ಕಾರದಿಂದ 'ಕಾಣೆಯಾಗಿದ್ದಾನೆ' ಎಂದು ಬಂದದ್ದೇ ಕೊನೆ.

ಇಂದುಧರ ಕೊಟ್ಟ ಒಕ್ಕಣೆ ಹೀಗಿತ್ತು: ಕನ್ನಡಿ ಹಿಡಿದು ಬೆಳಕು ಕೊಟ್ಟ ದಿ॥ ಮರಿಯಣ್ಣನಿಗೆ ಈ ಚಿತ್ರ ಅರ್ಪಿತ.

ಅವನದು ಕೆಟ್ಟ ಮನಸ್ಸಲ್ಲ. ಹುಡುಗ ಹೋಗಿಬಿಟ್ಟನೆಂದೇ ಅವನು ನಂಬಿದ್ದ, ಅದನ್ನು ಹೇಳುವಾಗ ಕಣ್ಣು ತುಂಬಿಕೊಂಡ. ಆದರೆ ಶುಕ್ರವಾರದ ಸಂತೆಯ ದಿನ ಮರಿಯಣ್ಣನ ಹೆಂಡತಿ ಅಣ್ಣಮ್ಮ ಸಣ್ಣಯ್ಯನ ಮಳಿಗೆಗೆ ಬಂದಳು. ಇಪ್ಪತ್ತು ದಾಟಿರದ ಹೆಣ್ಣು, ತಲೆಯ ಮೇಲೆ ಹುರುಳಿಯ ಗಂಟು. ಗಂಟು ಇಳಿಸದೆಯೇ ಕೇಳಿದಳು.

"ಅಣ್ಣಾರೆ, ಬಯಸ್ಕೋಪಿನಾಗೆ ನಮ್ಮನೆಯೋರ ಹೆಸ್ರು ಬರ್ತೈತಂತೆ, ದಿಟವಾ?"

"ಬರ್ತೈತೆ ಕಣವ್ವ."

"ಯಂಗೆ ಬರೀತೀರ?"

ಸಣ್ಣಯ್ಯ ಕುಂಚ ತೊಳೆಯತೊಡಗಿದ. ನಾನು ನನ್ನ ಮಳಿಗೆಯಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಅವಳೇ ಹೇಳಿದಳು.

"ನಮ್ಮ ದೊಡ್ಡಮಾವ ಹನುಮಯ್ಯ ಅವ್ರೆ. ಅವ್ರ ಮಗಳ ಮದುವೆ ನಿಂತೈತೆ. ಮನೇಲಿ ಸಾವಾಗಿ ಕರ್ಮ ಮಾಡ್ದೆ ಇದ್ರೆ ಚಪ್ಪರ ಹಾಕಂಗಿಲ್ಲ ಅಂತಾರೆ. ಬಳೆ ತಗದು ಬಿಡು ಅಂತ ಮೂರು ಕಿತ ಕೂರಿಸ್ಕಂಡ್ರು. ಸರ್ಕಾರ ಸತ್ತವ್ರೆ ಅಂದಿಲ್ವಲ್ಲ ಅಂತ ನಾನು ತಡ್ಕಂಡಿದೀನಿ. ಈಗ ಬಯಸ್ಕೋಪಿನಾಗೆ ಯಂಗೆ ಬರ್ತೈತೋ ನೋಡಾನ, ಅವ್ರು ಓದಿದೋರು, ತಿಳ್ಕಂಡೇ ಬರ್ದಿರ್ತಾರೆ ಅಂತಾವ್ರೆ. ಊರೆಲ್ಲ ಗಾಡಿ ಕಟ್ಕಂಡು ಬತ್ತಾರಂತೆ. ನಂಗೆ ಓದಾಕೆ ಬರಲ್ಲ. ನೀವು ಯಂಗೆ ಬರೀತೀರೋ ಅಂಗೆ ನನ್ನ ಕೈ."

ಕೈ ಎಂದಾಗ ಗಂಟು ಹಿಡಿದಿದ್ದ ಕೈಯ ಹಸಿರು ಬಳೆ ಕೆಳಕ್ಕೆ ಜಾರಿತು. ಸಣ್ಣಯ್ಯ ಅದನ್ನೇ ನೋಡುತ್ತ ಕೂತ. ಅವಳು ಹೋದ ಎಷ್ಟೋ ಹೊತ್ತಿನ ಮೇಲೆ ನನ್ನ ಮಳಿಗೆಗೆ ಬಂದು ಅಚ್ಚುಮೊಳೆಯ ಪೆಟ್ಟಿಗೆಯ ಮೇಲೆ ಕುಕ್ಕರಿಸಿದ.

"ಕೇಳಿಸ್ತೇನ್ಲಾ?"

"ಕೇಳಿಸ್ತು. ಇಂದುಧರನಿಗೆ ಹೇಳು."

ಹೇಳಿದ. ದಿ॥ ಬದಲು ಶ್ರೀ ಎಂದು ಬರೆಯಲೇ ಎಂದದ್ದಕ್ಕೆ ಇಂದುಧರ ಒಪ್ಪಲಿಲ್ಲ. 'ಶ್ರೀ ಮರಿಯಣ್ಣ' ಎಂದು ಬರೆದರೆ ಸತ್ತವನಿಗೆ ಅರ್ಪಿಸಿದ ಹಾಗೆಯೂ ಅಲ್ಲ, ಬದುಕಿದವನಿಗೆ ವಂದಿಸಿದ ಹಾಗೆಯೂ ಅಲ್ಲ, ಉಳಿದವರ ಸಾಲಿನಲ್ಲಿ ಕಳೆದುಹೋಗುತ್ತಾನೆ ಎಂದ. "ನಿಜವನ್ನ ಎಷ್ಟು ದಿನ ಮುಚ್ಚಿಡ್ತೀರಿ ಸಣ್ಣಯ್ಯನೋರೆ? ಆ ಹೆಣ್ಣಿಗೆ ಸುಳ್ಳು ಆಸೆ ಕೊಡೋದು ಪಾಪ ಅಲ್ವೆ?" ಎಂದೂ ಕೇಳಿದ. ಸಣ್ಣಯ್ಯ ಹಾಗೇ ಮಳಿಗೆಗೆ ಹಿಂದಿರುಗಿದ. ನನ್ನ ಅಚ್ಚುಕೂಟದಲ್ಲಿ ದಿ॥ ಮೊಳೆ ಜೋಡಿಸುವಾಗ ನಾನು ಯಾವತ್ತೂ ಎರಡು ಸಲ ಯೋಚಿಸಿದವನಲ್ಲ. ಜೋಡಿಸು, ಮಸಿ ಹಚ್ಚು, ಒತ್ತು, ಅಷ್ಟೆ. ಒಂದು ಅಕ್ಷರಕ್ಕೆ ಒಬ್ಬಳ ಬಳೆ ಒಡೆಯುವ ಶಕ್ತಿಯಿದೆ ಎಂದು ನನಗೆ ಆ ವಾರವೇ ಹೊಳೆದದ್ದು.

ಸಣ್ಣಯ್ಯನ ಆ ವಾರ ಹೇಳತೀರದು. ಬೇರೆಲ್ಲ ಕಾರ್ಡು ಬರೆದು ಮುಗಿಸಿದ, ಶ್ರೀಗಳೆಲ್ಲ ಬೆಳ್ಳಗೆ ಹಲ್ಲು ಬಿಟ್ಟುಕೊಂಡು ಕೂತವು. ಮರಿಯಣ್ಣನ ಕಾರ್ಡಿನಲ್ಲಿ ಹೆಸರು ಬರೆದು, ಅದರ ಮುಂದಿನ ಜಾಗ ಖಾಲಿ ಬಿಟ್ಟಿದ್ದ. ದಿನಾ ಅದನ್ನು ಗೋಡೆಗೆ ನಿಲ್ಲಿಸುವುದು, ನೋಡುವುದು, ತಿರುಗಿಸಿ ಇಡುವುದು. ಏನೂ ಬರೆಯದೆ ಬಿಡೋಣವೆಂದರೆ ಶ್ರೀ ಇಲ್ಲದ ಹೆಸರಿಗೆ ಭಾಷ್ಯಂ ಅಂದ ಮಾತು ನೆನಪಾಗುತ್ತಿತ್ತು. ಕ್ಲೀನರು ಎಂದು ಅವನನ್ನೊಬ್ಬನನ್ನೇ ಬೋಳು ಹೆಸರಿನಲ್ಲಿ ನಿಲ್ಲಿಸಿದರು ಎಂದು ಜನ ಆಡಿಕೊಂಡಾರು. ಭಾಗಮ್ಮ ನನ್ನನ್ನು ಕರೆದು, "ಊಟಕ್ಕೆ ಕೂತ್ರೆ ಅನ್ನದ ಮೇಲೂ ಬೆರಳಲ್ಲಿ ಬರೀತಾರೆ ಕಣ್ರೀ, ಏನಾರ ಮಾಡಿ" ಎಂದಳು.

ನನಗೊಂದು ಉಪಾಯ ಹೊಳೆಯಿತು. "ಅಲ್ವೋ, ದಿ॥ ಅನ್ನೋದನ್ನ ಕೆಂಪಲ್ಲಿ ಬರಿ. ಇಂದುಧರನಿಗೂ ಸಮಾಧಾನ. ಫಿಲಮಿನಾಗೆ ಅದು ಕಾಣಿಸೋದೇ ಇಲ್ಲ. ಕೆಂಪು ಯಾಕೆ ಅಂತ ಕೇಳಿದ್ರೆ ಮರೆತೆ ಅನ್ನು."

ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಸಣ್ಣಯ್ಯ ನನ್ನ ಮುಖವನ್ನು ಒಂದು ಥರಾ ನೋಡಿದ.

"ಕಾಣದಿದ್ರೇನ್ಲಾ? ನಾನು ಬರ್ದಿರ್ತೀನಲ್ಲ."

ನಾನು ಎದ್ದು ನನ್ನ ಮಳಿಗೆಗೆ ಬಂದೆ.

ತೆಗೆಯುವ ದಿನ ಬಂತು. ಗಂಗಾಧರಪ್ಪನವರ ಮಂಡಿಯ ಹಿಂದಿನ ಅಂಗಳದಲ್ಲಿ ಪೂರ್ವದ ಬಿಸಿಲು ಗೋಡೆಗೆ ಸಮವಾಗಿ ಬೀಳುತ್ತದೆ. ಬಿಸಿಲು ಮೇಲೇರಿದರೆ ಚಾವಣಿಯ ನೆರಳು ಕಾರ್ಡಿನ ಮೇಲೆ ಇಳಿಯುತ್ತದೆ. ಅಷ್ಟರೊಳಗೆ ಎಲ್ಲ ಮುಗಿದು, ಡಬ್ಬಿ ಮಧ್ಯಾಹ್ನದ ರೈಲಿಗೆ ಮದರಾಸಿಗೆ ಹೋಗಬೇಕು. ಇಂದುಧರ ಕ್ಯಾಮೆರಾದ ಹಿಂದೆ ಬಗ್ಗಿದ. ಸಣ್ಣಯ್ಯ ಒಂದೊಂದೇ ಕಾರ್ಡು ಇಟ್ಟು ಪಕ್ಕಕ್ಕೆ ಸರಿದು ಗಟ್ಟಿಯಾಗಿ ಎರಡು ಸಲ ಓದುತ್ತಿದ್ದ, ಕ್ಯಾಮೆರಾ ಗರಗರ ಎನ್ನುತ್ತಿತ್ತು. ಎಲ್ಲಾದರೂ ಅಕ್ಷರ ಕೆಟ್ಟರೆ ತಿದ್ದಲೆಂದು ಬಿಳಿ ಬಣ್ಣದ ಬಟ್ಟಲು ಹಿಡಿದು ನಾನು ನಿಂತಿದ್ದೆ. ಚಿತ್ರದ ಹೆಸರಾಯಿತು. ದೇವಸ್ಥಾನದವರಾದರು, ಸರ್ಕಾರದವರಾದರು. ಭಾಷ್ಯಂ ಅವರ ಶ್ರೀ, ಅವರ ಹಕ್ಕು ಎರಡೂ ಸಾಂಗವಾಗಿ ಮುಗಿದವು. ಸಣ್ಣಯ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಮೇಲೆ ಮರಿಯಣ್ಣನ ಕಾರ್ಡು ಇಟ್ಟ. ಇಂದುಧರ ಕಿಂಡಿಯಲ್ಲಿ ನೋಡಿದವನು ತಲೆಯೆತ್ತಿದ.

ಕಾರ್ಡಿನಲ್ಲಿ ಇದ್ದದ್ದು: ಕನ್ನಡಿ ಹಿಡಿದು ಬೆಳಕು ಕೊಟ್ಟ ಚಿ॥ ಮರಿಯಣ್ಣನಿಗೆ ಈ ಚಿತ್ರ ಅರ್ಪಿತ.

"ಏನಿದು ಸಣ್ಣಯ್ಯನೋರೆ? ಚಿರಂಜೀವಿ ಅಂತ ಮನೆಯೋರು ಮಕ್ಕಳಿಗೆ ಕಾಗದ ಬರೀವಾಗ ಹಾಕೋದು. ಸಾರ್ವಜನಿಕ ಚಿತ್ರದಲ್ಲಿ ಯಾರಾದ್ರೂ ಹೀಗೆ ಬರೀತಾರಾ? ನಾನು ಹೇಳಿದ್ದೇನು?"

ಬೀದಿಯಲ್ಲಿ ಯಾರಿಗೂ ಎದುರಾಡಿದವನಲ್ಲ ಅವನು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿದ.

"ಸ್ವಾಮಿ, ಅವ್ನು ಸತ್ತವ್ನೋ ಬದುಕವ್ನೋ ನಂಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ದೆ ದಿ॥ ಅಂದ್ರೆ ಅದು ಸುಳ್ಳಾಗಬೋದು. ಚಿ॥ ಅನ್ನೋದು ಸುಳ್ಳೂ ಅಲ್ಲ, ನಿಜಾನೂ ಅಲ್ಲ. ಅದು ಆಶೀರ್ವಾದ. ನಾನು ವಯಸ್ನಲ್ಲಿ ದೊಡ್ಡೋನು, ನಂಗೆ ಆ ಹಕ್ಕೈತೆ. ಬ್ಯಾಡ ಅಂದ್ರೆ ಈ ಕಾರ್ಡೇ ಬಿಟ್ಬುಡಿ. ದಿ॥ ಮಾತ್ರ ನನ್ನ ಕೈಲಿ ಬರ್ಯಾಕಾಗಲ್ಲ."

ಇಂದುಧರನ ಮುಖ ಕೆಂಪಾಯಿತು. ಚಾವಣಿಯ ನೆರಳು ಕಾರ್ಡಿನ ಮೇಲಂಚಿಗೆ ಬಂದಿತ್ತು. ನಾನು ಬಣ್ಣದ ಬಟ್ಟಲು ಹಿಡಿದು ನಿಂತೇ ಇದ್ದೆ, ಅವನು ಹೇಳಿದರೆ ನಾನೇ ತಿದ್ದಿಬಿಡಬಹುದಿತ್ತು. ಹೇಳದಿರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಕಾರ್ಡನ್ನೊಮ್ಮೆ, ನೆರಳನ್ನೊಮ್ಮೆ ನೋಡಿ, ಕಿಂಡಿಗೆ ಕಣ್ಣಿಟ್ಟು, "ಓದಿ" ಎಂದ.

ಸಣ್ಣಯ್ಯನಿಗೆ ದನಿ ಹೊರಡಲಿಲ್ಲ. ಕೊನೆಗೆ ಇಂದುಧರನೇ ಕ್ಯಾಮೆರಾ ಓಡಲು ಬಿಟ್ಟು, ಕಿಂಡಿಯಿಂದ ಕಣ್ಣು ತೆಗೆಯದೆ, ಚಿರಂಜೀವಿ ಮರಿಯಣ್ಣ ಎಂದು ಎರಡು ಸಲ ಓದಿ ನಿಲ್ಲಿಸಿದ.

ಸಂಕ್ರಾಂತಿ ಕಳೆದು ರೈಲ್ವೆ ಗೇಟಿನಾಚೆಯ ಟೆಂಟಿನಲ್ಲಿ ಚಿತ್ರ ಬಂತು. ಗಂಡಸಿಯವರು ನಿಜವಾಗಿಯೂ ಗಾಡಿ ಕಟ್ಟಿಕೊಂಡು ಬಂದರು. ಹನುಮಯ್ಯ ಮುಂದಿನ ಸಾಲಿನ ಮರಳಿನ ಮೇಲೆ ಹೆಗಲ ವಸ್ತ್ರ ಹಾಸಿ ಕೂತರು. ಪಕ್ಕಕ್ಕೆ ಗಂಡಸಿಯ ಸ್ಕೂಲ್ ಮೇಷ್ಟ್ರು, ಓದಿ ಹೇಳಲಿಕ್ಕೆಂದೇ ಕರೆತಂದವರು. ಹೆಂಗಸರ ಕಡೆಯಲ್ಲಿ ಅಣ್ಣಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಸಣ್ಣಯ್ಯ ಒಳಗೆ ಬರಲಿಲ್ಲ. ಟೆಂಟಿನ ಹಗ್ಗ ಹಿಡಿದು ಹೊರಗೇ ನಿಂತ.

ಗುಡಿಯ ಒಳಗಿನ ಕತ್ತಲೆಗೆ ಬೆಳಕು ಹರಿದು ಕಲ್ಲಿನ ಹೆಣ್ಣಿನ ಮುಖ ಕಂಡಾಗ ಜನ ಹೋ ಎಂದರು. ಆಮೇಲೆ ಕೃತಜ್ಞತೆಗಳು ಬಂದವು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಜನ ಬೀಡಿ ಹಚ್ಚಲು ಎದ್ದಿರುತ್ತಿದ್ದರು. ಅವತ್ತು ಗಂಡಸಿಯವರು ಅಲ್ಲಾಡಲಿಲ್ಲ. ಮೇಷ್ಟ್ರು ಪ್ರತಿ ಕಾರ್ಡನ್ನೂ ಪಾಠ ಹೇಳುವ ದನಿಯಲ್ಲಿ ಓದಿದರು. ಮರಿಯಣ್ಣನ ಕಾರ್ಡು ಬಂದಾಗ ಒಂದು ಕ್ಷಣ ನಿಂತು, ಕನ್ನಡಕ ಸರಿಮಾಡಿಕೊಂಡು, "ಚಿರಂಜೀವಿ ಮರಿಯಣ್ಣನಿಗೆ" ಎಂದರು.

ಹೆಂಗಸರ ಕಡೆಯಿಂದ ಯಾವುದೋ ಮುದುಕಿ, "ಅಂಗೇ ಆಗ್ಲಿ ಕಣಪ್ಪಾ" ಎಂದಳು. ಅದರ ಹಿಂದೆಯೇ ಇನ್ನೊಬ್ಬಳು, ಇನ್ನೊಬ್ಬಳು. ಹಿರಿಯರು ಹರಸಿದರೆ ಕೇಳಿದವರು ಹಾಗೆನ್ನುವುದು ನಮ್ಮಲ್ಲಿ ರೂಢಿ. ಹಕ್ಕುಗಳ ಎಚ್ಚರಿಕೆ ಪರದೆಯ ಮೇಲೆ ಬಂದು ಹೋದದ್ದನ್ನು ಯಾರೂ ಓದಲಿಲ್ಲ. ಹನುಮಯ್ಯ ವಸ್ತ್ರ ಕೊಡವಿ ಎದ್ದು, "ಊರೆಲ್ಲ ಹರಸಿದ ಮೇಲೆ ಕರ್ಮ ಮಾಡಾಕಾಯ್ತದಾ? ನಡೀರಿ, ಕಾಯಾನ" ಎಂದರು. ಮಗಳ ಮದುವೆಯನ್ನು ಪುರೋಹಿತರನ್ನು ಕೇಳಿ, ದೇವರಿಗೆ ತಪ್ಪುಕಾಣಿಕೆ ಕಟ್ಟಿ ಆ ಬೇಸಿಗೆಯಲ್ಲೇ ಮಾಡಿದರು. ಅಣ್ಣಮ್ಮ ಆ ಮದುವೆಯಲ್ಲಿ ಆರತಿ ಎತ್ತಿದಳಂತೆ.

ಯುದ್ಧ ಮುಗಿಯಿತು. ಹಡಗುಗಳು ಬಂದವು, ಅರಸೀಕೆರೆ ಜಂಕ್ಷನ್ನಿನಲ್ಲಿ ಖಾಕಿಯವರು ಇಳಿಯತೊಡಗಿದರು. ಪ್ರತಿ ರೈಲಿನ ಕೂಗಿಗೂ ಸಣ್ಣಯ್ಯ ಕುಂಚ ಕೆಳಗಿಟ್ಟು ಬೀದಿ ನೋಡುತ್ತಿದ್ದ. ಮರಿಯಣ್ಣ ಇಳಿಯಲಿಲ್ಲ. ನಲವತ್ತಾರರ ಮೊದಲಲ್ಲಿ ತಾಲ್ಲೂಕು ಕಚೇರಿಗೆ ಕಾಗದ ಬಂತು: ಮರಿಯಣ್ಣ ಸಿಂಗಪುರ ಬೀಳುವ ಹೊತ್ತಿನಲ್ಲೇ, ಲಾರಿಯ ಮೇಲೆ ಬಾಂಬು ಬಿದ್ದು ಸತ್ತಿದ್ದ. ಸಣ್ಣಯ್ಯ ಚಿ॥ ಬರೆಯುವ ಹೊತ್ತಿಗೆ ಅವನು ಹೋಗಿ ಎರಡು ವರ್ಷ ಸಮೀಪಿಸಿತ್ತು.

ಆ ಸುದ್ದಿ ಕೇಳಿದ ದಿನದಿಂದ ಸಣ್ಣಯ್ಯ ಮಳಿಗೆ ತೆರೆಯಲಿಲ್ಲ. "ಇಂದುಧರ ಸರಿಯಾಗೇ ಹೇಳಿದ್ರು ಕಣ್ಲಾ. ಸತ್ತೋನ ಮೇಲೆ ಆಸೆ ಇಡ್ಸಿ ಆ ಹೆಣ್ಣನ್ನ ಬೇಯಿಸ್ಬಿಟ್ಟೆ" ಎಂದು ನನ್ನೆದುರಿಗೆ ಅತ್ತ. ಗಂಡಸಿಯ ಕಡೆಯವರು ಯಾರಾದರೂ ಬೀದಿಯಲ್ಲಿ ಕಂಡರೆ ಒಳಗೆ ಹೋಗಿ ಕೂರುತ್ತಿದ್ದ. ಅವಳು ಬಂದು ಏನಂದಾಳೋ ಎಂಬ ಭಯ ಅವನನ್ನು ತಿಂದುಹಾಕಿತು.

ಅವಳು ಒಂದು ಶುಕ್ರವಾರ, ನಾನೂ ಅವನ ಮನೆಯಲ್ಲಿ ಕೂತಿದ್ದಾಗ, ಬಂದೇ ಬಂದಳು. ಕೈ ಬರಿದಾಗಿತ್ತು. ಕಂಕುಳಲ್ಲಿ ಒಂದು ನಯ ಮಾಡಿದ ಹಲಸಿನ ಹಲಗೆ. ಭಾಗಮ್ಮ ಬಾಗಿಲು ತೆಗೆದಳು. ಸಣ್ಣಯ್ಯ ತಲೆಯೆತ್ತಲಿಲ್ಲ.

"ತಪ್ಪಾಯ್ತು ಕಣವ್ವ" ಎಂದ.

ಅಣ್ಣಮ್ಮ ಹೊಸಲಿನ ಮೇಲೆ ಕೂತಳು. "ಏನ್ ತಪ್ಪು? ಆ ದಿನ ನೀವು ಅದನ್ನ ಬರ್ದಿದ್ರೆ ಆ ಸಂಜೇನೇ ನನ್ನ ಬಳೆ ಒಡೀತಿದ್ರು. ಆಮ್ಯಾಕೆ ನಾನು ಎರಡು ಗೌರಿಹಬ್ಬ ಮಾಡ್ದೆ, ಅಣ್ಣಾರೆ. ಅವ್ರು ಇಲ್ದಿದ್ರೂ ಅವ್ರ ಹೆಂಡ್ತಿಯಾಗೇ ಇದ್ದೆ. ಅಷ್ಟು ದಿನ ನಂಗೆ ಯಾರು ಕೊಡ್ತಿದ್ರು?"

ಆಮೇಲೆ ಹಲಗೆಯನ್ನು ಅವನ ಮುಂದಕ್ಕೆ ಸರಿಸಿದಳು. "ದೇವರ ಗೂಡಿನ ಪಕ್ಕ ಇಡಾಕೆ. ಈಗ ಅದನ್ನ ಬರೀರಿ. ಬ್ಯಾರೆಯೋರ ಕೈಲಿ ಬ್ಯಾಡ."

ಸಣ್ಣಯ್ಯ ಬಹಳ ಹೊತ್ತು ಹಲಗೆ ಸವರಿದ. ನಾನು ಬಣ್ಣ ಕಲಸಿಕೊಟ್ಟೆ. ದಾರ ಹೊಡೆದು ಸಾಲು ಹಾಕಿ, ಮೊದಲು ಹೆಸರನ್ನೇ ಬರೆದ. ಮುಂದಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಅಣ್ಣಮ್ಮ ಹೊಸಲಿನಿಂದೆದ್ದು ಅವನ ಪಕ್ಕಕ್ಕೆ ಬಂದು ಹಲಗೆ ಅಲ್ಲಾಡದಂತೆ ಎರಡು ಕೈಯಲ್ಲೂ ಹಿಡಿದುಕೊಂಡಳು. ಅವನು ಬರೆದ.